ನಾಲ್ಕನೆಯ ಸಾಲಿನ ಹೆಸರು

ಮೀಟಿಂಗು ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಓಣಿಯವರು ಗಣಪತಿ ಕೂರಿಸುವ ವಿಷಯಕ್ಕೆ ಸೇರುತ್ತಾರೆ, ಹಿರಿಯರು ಅಂತ ನನ್ನನ್ನೂ ಕರೆಯುತ್ತಾರೆ, ನಾನು ಮೊಣಕಾಲು ನೋವು ಅಂತ ಸುಳ್ಳು ಹೇಳಿ ಮನೆಯಲ್ಲಿ ಉಳಿಯುತ್ತೇನೆ. ಮಕ್ಕಳು ನಗುತ್ತಾರೆ. ನಗಲಿ. ಹತ್ತು ಜನ ಕೂತು 'ಮಾಡ್ವ, ಮಾಡ್ವ', ಅಂದರೆ ಮಾಡೋಣ ಮಾಡೋಣ, ಅಂತ ತಲೆ ಅಲ್ಲಾಡಿಸುವುದನ್ನು ನೋಡುವ ಧೈರ್ಯ ನನಗೆ ಉಳಿದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಕುಮಟೆಯಲ್ಲಿ ಮೆಟ್ರಿಕ್ ಮುಗಿಸಿ ಒಂದೆರಡು ಕಡೆ ಗುಮಾಸ್ತಿಕೆ ಮಾಡಿದ ನನ್ನನ್ನು ಮಿರ್ಜಾನದಿಂದ ಮುಂದೆ, ಅಘನಾಶಿನಿ ಹೊಳೆಯ ದಂಡೆಯ ಒಂದು ಊರಿಗೆ ಪಂಚಾಯತಿ ಸೆಕ್ರೆಟರಿಯಾಗಿ ಹಾಕಿದರು. ವಯಸ್ಸು ಇಪ್ಪತ್ತಮೂರು. ಒಂದು ಟ್ರಂಕು, ಒಂದು ಮೇಜು, ಕಾಲು ಮುರಿದ ಕುರ್ಚಿ, ಮತ್ತೆ ಮೀಟಿಂಗಿನ ಠರಾವು, ಅಂದರೆ ನಿರ್ಣಯ, ಬರೆಯುವ ಉದ್ದನೆಯ ಪುಸ್ತಕ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ನಾಲ್ಕಾರು ವರ್ಷವಾಗಿತ್ತು. ಠರಾವು ಮಾತ್ರ ಠರಾವಾಗಿಯೇ ಉಳಿದಿತ್ತು.

ಊರಿನ ಅನ್ನ ಇದ್ದದ್ದು ಗಜನಿಯಲ್ಲಿ. ಹೊಳೆಯ ಉಪ್ಪುನೀರು ನುಗ್ಗದಂತೆ ಮಣ್ಣಿನ ಕಟ್ಟೆ ಹಾಕಿ ಒಳಗೆ ಕಗ್ಗ ಎಂಬ ಭತ್ತ ಬೆಳೆಯುವ ತಗ್ಗು ಗದ್ದೆಗಳಿಗೆ ಆ ಹೆಸರು. ಕಟ್ಟೆಗೆ ಒಂದು ತೂಬು, ತೂಬಿಗೆ ಮರದ ಹಲಗೆಗಳು. ಹೊಳೆ ಇಳಿದಾಗ ಹಲಗೆ ಎತ್ತಿ ಗದ್ದೆಯ ನೀರನ್ನು ಹೊರಗೆ ಬಿಡಬೇಕು, ಭರತ, ಅಂದರೆ ಸಮುದ್ರದ ಉಬ್ಬರ, ಏರುವ ಮೊದಲು ಹಲಗೆ ಇಳಿಸಿ ಸಂದಿಗೆ ಕೆಸರು ಮೆತ್ತಬೇಕು. ದಿನಕ್ಕೆ ಎರಡು ಸಲ, ಹೊಳೆಯ ಹೊತ್ತಿಗೆ, ನಮ್ಮ ಹೊತ್ತಿಗಲ್ಲ.

ಅದನ್ನು ಮಾಡುತ್ತಿದ್ದವನನ್ನು ಊರೆಲ್ಲ 'ತೂಬಿನವ' ಅಂತಲೇ ಕರೆಯುತ್ತಿತ್ತು. ಐವತ್ತು ದಾಟಿದ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ, ಮಾತು ಕಡಿಮೆಯ ಮನುಷ್ಯ. ಅವನ ಅಪ್ಪನೂ ತೂಬು ಕಾದವನೇ. ಹಲಗೆ ಎತ್ತಿದಾಗ ತೂಬಿನ ಬಾಯಿಗೆ ಬಲೆ ಒಡ್ಡುವ ಹಕ್ಕು ಆ ಮನೆಯದು. ಸಿಕ್ಕ ಸಿಗಡಿ, ಮೀನು, ಕೊಯ್ಲಿನಲ್ಲಿ ಮನೆಗೊಂದು ಹೊರೆ ಭತ್ತ, ಇಷ್ಟೇ ಅವನ ಜೀವನ. ಸ್ವಂತದ ಒಂದು ಗುಂಟೆ ನೆಲವೂ ಇರಲಿಲ್ಲ. ಮಗಳೊಬ್ಬಳನ್ನು ಹೊನ್ನಾವರದ ಆಚೆ ಮಂಕಿಗೆ ಕೊಟ್ಟಿದ್ದ.

ಮೀಟಿಂಗು ನಡೆಯುತ್ತಿದ್ದದ್ದು ಶಾಲೆಯ ಜಗಲಿಯ ಮೇಲೆ, ರವಿವಾರ ಬೆಳಿಗ್ಗೆ. ಚೇರ್ಮನ್ನರು ತೋಟಪಟ್ಟಿಯ ದೊಡ್ಡ ಮನೆಯವರು. ಒಳ್ಳೆಯವರೇ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ. ಅವರು ಬಂದು ಕಂಬಕ್ಕೆ ಒರಗಿ ಎಲೆ ಅಡಿಕೆ ತಟ್ಟೆ ಮುಂದೆ ತಳ್ಳಿದರೆ ಸಭೆ ಸುರುವಾಯಿತು ಅಂತ ಅರ್ಥ.

ಆಮೇಲೆ ಮಾತು. ಅಬ್ಬಬ್ಬಾ, ಆ ಮಾತು! ಬಾವಿಯ ಕೆಸರು ತೆಗೆಯಬೇಕೋ? 'ತೆಗೀಬೇಕು, ತೆಗೀಬೇಕು.' ಯಾವಾಗ? 'ಎಂತ ಯಾವಾಗ, ಬೇಗ ಮಾಡ್ವ.' ಹಗ್ಗ? 'ಹಗ್ಗ ನಮ್ಮನೇಲಿ ಉಂಟು.' ಜನ? 'ಜನಕ್ಕೆ ಎಂತ ಬರಗಾಲ.' ಎಲ್ಲರೂ ಒಪ್ಪಿದರು, ಎಲ್ಲರೂ ಎದ್ದರು, ಎಲ್ಲರೂ ಮನೆಗೆ ಹೋದರು. ಬಾವಿಯ ಕೆಸರು ಬಾವಿಯಲ್ಲೇ. ನಾನು ಪುಸ್ತಕದಲ್ಲಿ ಅಂದವಾಗಿ ಬರೆದೆ: 'ಬಾವಿಯ ಕೆಸರನ್ನು ಆದಷ್ಟು ಬೇಗ ತೆಗೆಸತಕ್ಕದ್ದೆಂದು ಸರ್ವಾನುಮತದಿಂದ ಠರಾಯಿಸಲಾಯಿತು.' ತಾಲೂಕಿನಿಂದ ತಪಾಸಣೆಗೆ ಬಂದ ಅಧಿಕಾರಿ ಅದನ್ನು ಓದಿ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಶಬ್ದ ಗೀಚಿದರು. 'ಯಾರು? ಯಾವಾಗ?' ನನ್ನ ಮುಖಕ್ಕೆ ಉಗಿದಂತಾಯಿತು.

ನನಗೆ ದಾರಿ ತೋರಿಸಿದವರು ಶಾಲೆಯ ಅಕ್ಕೋರು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಹಾಗೆ ಕರೆಯುವುದು. ನಲವತ್ತರ ಹತ್ತಿರದ ವಿಧವೆ, ಶಾಲೆಗೆ ತಾಗಿದ ಕೋಣೆಯಲ್ಲಿ ಒಬ್ಬರೇ ಇದ್ದರು. ಮೀಟಿಂಗಿನ ದಿನ ಒಳಗೆ ಕೂತು ಮಕ್ಕಳ ನೋಟುಪುಸ್ತಕ ತಿದ್ದುತ್ತಾ ಹೊರಗಿನ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು ಕೇಳಿದರು.

"ಸೆಕ್ರೆಟರಿಯವರೇ, ನಾಳೆ ಶಾಲೆಗೆ ನೀರು ಯಾರು ತರ್ತೀರಿ ಅಂತ ನಾ ಕ್ಲಾಸಲ್ಲಿ ಕೇಳಿದ್ರೆ ಎಂತ ಆಗ್ತದೆ ಗೊತ್ತುಂಟಾ?"

"ಎಲ್ಲರೂ ಕೈ ಎತ್ತುತ್ತಾರೆ."

"ನಾಳೆ ಕೊಡ ಖಾಲಿ. ಒಬ್ಬರ ಹೆಸರು ಹಿಡಿದು ಕೇಳ್ಬೇಕು. ಅವರ ಬಾಯಿಂದ 'ಹೂಂ' ಬರ್ಬೇಕು. 'ಹಗ್ಗ ನಮ್ಮನೇಲಿ ಉಂಟು' ಅಂದವ ಹಗ್ಗ ತರ್ತೇನೆ ಅಂತ ಹೇಳ್ಲಿಲ್ಲ, ಹಗ್ಗ ಉಂಟು ಅಂತ ಹೇಳಿದ. ಎರಡೂ ಬೇರೆ. ನೀವು ಬರೆದದ್ದನ್ನು ಅವರು ಏಳುವ ಮೊದಲು ಗಟ್ಟಿಯಾಗಿ ಓದಿ. ಯಾರು ಹೂಂ ಅನ್ಲಿಲ್ವೋ ಅಲ್ಲಿ ಜಾಗ ಖಾಲಿ ಬಿಡಿ. ನೀವಾಗಿ ತುಂಬ್ಬೇಡಿ."

ಮುಂದಿನ ಮೀಟಿಂಗಿಗೆ ನಾನು ಪುಟದ ಮೇಲೆ ಮೂರು ಪಟ್ಟಿ ಎಳೆದುಕೊಂಡು ಕೂತೆ. ಕೆಲಸ, ಯಾರು, ಯಾವ ದಿನದೊಳಗೆ. ಮಾತು ಎಲ್ಲೆಲ್ಲೋ ಅಲೆದು ಮುಗಿದಾಗ ಎದ್ದುನಿಂತು ಕೇಳಿದೆ. "ಹಗ್ಗ ಉಂಟು ಅಂದ್ರಲ್ಲ, ನೀವೇ ತರ್ತ್ರೋ?" ಆ ಮನುಷ್ಯ ನನ್ನನ್ನು ಮಂಗನನ್ನು ನೋಡುವ ಹಾಗೆ ನೋಡಿದ. ಆಮೇಲೆ "ತಂದ್ರಾತು" ಅಂದ. "ಯಾವತ್ತು?" "ಹುಣ್ಣಿಮೆ ಕಳೀಲಿ." "ಹುಣ್ಣಿಮೆ ಮಂಗಳವಾರ. ಬುಧವಾರವೋ, ಗುರುವಾರವೋ?" "ಕರ್ಮ! ಗುರುವಾರ ಬರ್ಕಳಿ." ಬರೆದುಕೊಂಡೆ. ಇನ್ನೊಬ್ಬರು "ಜನ ಬರ್ತ್ರು" ಅಂದರು. "ನಿಮ್ಮ ಮನೆಯಿಂದ ಯಾರು?" ಅಂದೆ. ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು. ಆ ಜಾಗ ಖಾಲಿ ಬಿಟ್ಟೆ, ಖಾಲಿ ಎಂದೇ ಓದಿದೆ. ಎಲ್ಲರ ಎದುರು ಖಾಲಿ ಅಂತ ಓದಿದ ಮೇಲೆ ಅವರಿಗೇ ನಾಚಿಕೆಯಾಗಿ "ನನ್ನ ತಮ್ಮ ಬರ್ತ" ಅಂದರು. ಗುರುವಾರ ಬಾವಿಯ ಕೆಸರು ಹೊರಗೆ ಬಿತ್ತು. ನನಗಾದ ಖುಷಿ ಎಂಥದು ಅಂತೀರಿ! ಲೋಕದ ಕೀಲಿಕೈಯೇ ಸಿಕ್ಕಿತು ಅಂದುಕೊಂಡೆ. ಎಳೆ ವಯಸ್ಸಿನ ಜಂಬ.

ಆದರೆ ಆ ಊರಿನ ರೀತಿಯೊಂದು ನನಗೆ ತಡವಾಗಿ ಅರ್ಥವಾಯಿತು. ಎದುರಿಗೆ ಕೂತವನನ್ನು ತೋರಿಸಿ 'ಇವ ಮಾಡಲಿ' ಅಂತ ಯಾರೂ ಹೇಳುತ್ತಿರಲಿಲ್ಲ. ಮುಖ ಮುರಿದ ಹಾಗಾಗುತ್ತದಂತೆ. ಹೇಳುವುದಿದ್ದರೆ ಎದ್ದು ಹೋದವನ ಹೆಸರು ಹೇಳುವುದು. ಅವನು ಅಂಗಳ ದಾಟುವುದೇ ತಡ, 'ಅದನ್ನು ಅವ ನೋಡ್ಕಂತ ಬಿಡು' ಅಂತ ಕೆಲಸ ಅವನ ತಲೆಗೆ ಕಟ್ಟಿಯಾಯಿತು. ಇದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಮೀಟಿಂಗು ಮುಗಿಯುವವರೆಗೆ ಯಾರೂ ಅಲುಗಾಡುತ್ತಿರಲಿಲ್ಲ. ಮುದುಕರು ಮೂತ್ರಕ್ಕೂ ಏಳದೆ ಹಲ್ಲು ಕಚ್ಚಿ ಕೂರುತ್ತಿದ್ದರು. ನಾನು ಇದನ್ನು ನೋಡಿ ಒಳಗೊಳಗೆ ನಗುತ್ತಿದ್ದೆ.

ಆ ವರ್ಷ ಮಳೆ ಬೇಗ ಕಾಲು ಕಿತ್ತಿತು. ಭಾದ್ರಪದ ಮುಗಿಯುವುದರೊಳಗೆ ಹೊಳೆಯ ನೀರು ಬಾಯಿಗೆ ಉಪ್ಪಾಗತೊಡಗಿತ್ತು. ಗಜನಿಯಲ್ಲಿ ಕಗ್ಗ ತೆನೆ ಹಾಕಿ ಹಾಲು ತುಂಬುವ ಹೊತ್ತು. ಆಗ ತೂಬಿನವ ನನ್ನ ಕಚೇರಿಗೆ ಬಂದು ಬಾಗಿಲಲ್ಲಿ ನಿಂತ. ಒಳಗೆ ಬಾ ಅಂದರೂ ಬರುವವನಲ್ಲ.

"ಒಡೆಯಾ, ತೂಬಿಂದ ಇಪ್ಪತ್ತು ಹೆಜ್ಜೆ ಬಡಗಕ್ಕೆ ಕಟ್ಟೆ ಬೆವರ್ತಾ ಉಂಟು. ಏಡಿ ತೋಡಿದ್ದೋ, ಎಂತದೋ. ಮಹಾಲಯ ಅಮಾಸೆ ಭರ್ತಿ ದೊಡ್ಡದು. ಅದ್ರೊಳಗೆ ಮಣ್ಣು ಬೀಳ್ಬೇಕು. ಒಬ್ಬನ ಕೈಯಲ್ಲಿ ಆಗುದಲ್ಲ."

ನಾನು ಮೀಟಿಂಗು ಕರೆಸಿದೆ. ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇತ್ತು. ಜಗಲಿ ತುಂಬಿತು. ತೂಬಿನವ ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದ, ಎಷ್ಟು ಉದ್ದ ಬೆವರುತ್ತಿದೆ, ಎಷ್ಟು ದೋಣಿ ಮಣ್ಣು ಬೇಕು, ಎಲ್ಲ. ಅವತ್ತು ನಾನೂ ಚುರುಕಾಗಿದ್ದೆ. ಮಣ್ಣಿನ ದೋಣಿಗೆ ಒಬ್ಬರ ಹೆಸರು ಹಿಡಿದು ಕೇಳಿದೆ, ಹೂಂ ಅಂದರು, ಶುಕ್ರವಾರದೊಳಗೆ. ಮನೆಗೊಂದು ಆಳು ಕರೆತರಲು ಇನ್ನೊಬ್ಬರು, ಶನಿವಾರ. ತೂಬಿನ ಸವೆದ ಹಲಗೆ ಬದಲಿಸಲು ಬಡಗಿಯೇ ಅಲ್ಲಿದ್ದ, ಅವನೂ ಹೂಂ ಅಂದ. ಮೂರು ಸಾಲು ತುಂಬಿತು.

ಅಷ್ಟರಲ್ಲಿ ತೂಬಿನವ ಬಿಸಿಲು ನೋಡಿದ. ಭರತ ಏರುವ ಹೊತ್ತು.

"ನಾ ಹಲಗೆ ಹಾಕಿ ಬರ್ಬೇಕು" ಅಂದ. ಅವನಿಗೆ ಕೂತು ಹಲ್ಲು ಕಚ್ಚುವ ಸೌಕರ್ಯ ಇರಲಿಲ್ಲ. ಅವನು ನಡುವೆ ಹೋಗಲೇಬೇಕಿತ್ತು, ಊರಿನ ಗದ್ದೆಗಾಗಿಯೇ.

ಹೋಗುವಾಗ ಯಾರೋ ಕೇಳಿದರು, "ಹೊಸ ಮಣ್ಣು ಬಿದ್ದ ಮೇಲೂ ಅಮಾಸೆ ಭರ್ತಿಗೆ ಕಣ್ಣಿಡ್ಬೇಕಲ್ಲ?" ಅವನು ತಿರುಗಿ, "ಇಡ್ಲೇಬೇಕು. ಹಸಿ ಮಣ್ಣು ನಂಬುಕಾಗುದಿಲ್ಲ. ಮೂರು ದಿನ ಭರ್ತಿ ಹೊತ್ತಿಗೆ ಅಲ್ಲೇ ಒಬ್ಬ ಬೇಕು, ತೊಟ್ಟಿಕ್ಕಿದ ಕೂಡ್ಲೆ ಹೆಂಟೆ ಒತ್ತುಕೆ, ಕೂಗುಕೆ" ಅಂದ. ಅಂದು ಹೊರಟ. ಅವನು ಹೇಳಿದ್ದು ಒಬ್ಬ ಬೇಕು ಅಂತ. ನಾನು ಇರುತ್ತೇನೆ ಅಂತಲ್ಲ.

ಅವನ ಬೆನ್ನು ಗೇಟಿನಾಚೆ ಮರೆಯಾಗುವುದೇ ತಡ, ಮಾತು ಎದ್ದಿತು. "ಅದು ಅವ ನೋಡ್ಕಂತ." "ಮತ್ತೆ? ಅವನ ಕೆಲ್ಸವೇ ಅಲ್ವಾ." "ಬೇರೆಯವ್ರಿಗೆ ಎಂತ ತಿಳೀತದೆ." ಸರಸರ ಸರಿಹೋಯಿತು, ಎಲ್ಲರ ಮುಖ ಹಗುರಾಯಿತು. ನಾನು ಪೆನ್ನು ಹಿಡಿದು "ಅವನನ್ನ ಕೇಳಬೇಕಲ್ಲ" ಅಂದೆ. ಚೇರ್ಮನ್ನರು ಸ್ನಾನ ಪೂಜೆಗೆ ಹೊತ್ತಾಯಿತೆಂದು ಎದ್ದಾಗಿತ್ತು. ನನ್ನ ಹತ್ತಿರ ಬಗ್ಗಿ, ಅಲ್ಲಿ ನಾವಿಬ್ಬರೇ ಆಡುವ ನಮ್ಮ ಜಾತಿಯ ಮನೆಮಾತಿನಲ್ಲಿ ಹೇಳಿದರು:

"ನೀ ಎಂತಕ್ಕೆ ತಲೆಬಿಸಿ ಮಾಡ್ಕತ್ತೆ ಮಾರಾಯಾ. ಬರದು ಬಿಡು. ಅವಂಗೆ ಹೇಳಿ ಕಳಸಿರಾತು."

ಯಾರು ಹೇಳಿ ಕಳಿಸುವುದು? ಯಾವತ್ತು? ಅಧಿಕಾರಿಯ ಕೆಂಪು ಶಾಯಿಯ ಪ್ರಶ್ನೆಯನ್ನು ಊರಿಗೆಲ್ಲ ಕೇಳಿ ಕೇಳಿ ಜಂಬ ಪಟ್ಟ ನಾನು, ಆ ಒಂದು ಸಲ ಕೇಳಲಿಲ್ಲ. ಜನ ಎದ್ದಾಗಿತ್ತು. ಚಪ್ಪಲಿ ಹುಡುಕುತ್ತಿದ್ದರು. ಓದಿ ಹೇಳುವುದೂ ಉಳಿಯಿತು. ಮರುದಿನ ತಾಲೂಕಿಗೆ ಪುಸ್ತಕ ಒಯ್ಯಬೇಕಿತ್ತು, ನಾಲ್ಕನೆಯ ಸಾಲು ಖಾಲಿ ಕಂಡರೆ ಏನಂದಾರು ಎಂಬ ಚಿಂತೆ. ನಾಲ್ಕನೆಯ ಸಾಲಿನಲ್ಲಿ ತೂಬಿನವನ ಹೆಸರು ಬರೆದೆ. ಅಮಾವಾಸ್ಯೆಯಿಂದ ಮೂರು ದಿನ ಎಂದು ತಾರೀಕು ಹಾಕಿದೆ. ಉಳಿದ ಮೂರು ಸಾಲಿನಷ್ಟೇ ಅಂದವಾಗಿ ಬರೆದೆ, ಅದರ ಪಕ್ಕ ಅವನು ಒಪ್ಪಿಲ್ಲ ಅಂತ ಒಂದು ಚುಕ್ಕೆಯನ್ನೂ ಇಡಲಿಲ್ಲ. ಪುಟ ತುಂಬಿ ಚೆಂದ ಕಂಡಿತು. ಆ ಚೆಂದಕ್ಕೆ ಬೆಂಕಿ ಬೀಳಲಿ.

ಶುಕ್ರವಾರ ಮಣ್ಣು ಬಂತು. ಶನಿವಾರ ಆಳುಗಳು ಅರ್ಧ ಬಂದರು, ಆದರೂ ಕೆಲಸ ಮುಗಿಯಿತು. ಹಲಗೆ ಬದಲಾಯಿತು. ಹೂಂ ಅಂದವರೆಲ್ಲ ಅಂದದ್ದನ್ನು ಮಾಡಿದರು, ಅದು ಹೇಳಲೇಬೇಕು. ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ನಾನು ತಾಲೂಕಿಗೆ ಕಳಿಸುವ ಜನನ ಮರಣದ ತಖ್ತೆ ಬರೆಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತೂಬಿನವ, ಹೆಗಲ ಮೇಲೆ ಗಂಟು.

"ಒಡೆಯಾ, ಅವತ್ತು ಮೀಟಿಂಗಲ್ಲಿ ಎಲ್ಲಾ ಆತಾ? ಕಾವ್ಲಿಗೆ ಜನ ಆತಾ?"

ನಾನು ತಲೆ ಎತ್ತಲಿಲ್ಲ. ಅಂಕಿ ತಪ್ಪುತ್ತದೆ ಅಂತ ಸಿಟ್ಟು. "ಆತು, ಆತು. ಎಲ್ಲಾ ಬರೆದಾಗಿದೆ" ಅಂದೆ.

ಅವನು ಇನ್ನೂ ಏನೋ ಹೇಳುವವನಂತೆ ನಿಂತಿದ್ದ. "ಮಗಳಿಗೆ..." ಅಂದ. ನಾನು ಎಡಗೈ ಎತ್ತಿ ತಡಿ ಎಂಬಂತೆ ಆಡಿಸಿದೆ. ಪಟ್ಟಿ ಕೂಡಿಸಿ ಮುಗಿಸಿ ತಲೆ ಎತ್ತಿದಾಗ ಬಾಗಿಲು ಖಾಲಿಯಾಗಿತ್ತು. ಆ ಕೈ ಆಡಿಸಿದ್ದು ನನಗೆ ಈಗಲೂ ಕಾಣುತ್ತದೆ. ಅವನ ಮಗಳಿಗೆ ಮಂಕಿಯಲ್ಲಿ ಹೆರಿಗೆ ನೋವು ಸುರುವಾಗಿ ಎರಡು ದಿನವಾಗಿತ್ತು, ಚೊಚ್ಚಲು. ಹೆಂಡತಿ ಮೊದಲೇ ಅಲ್ಲಿದ್ದಳು. ಅಳಿಯ ಆಳು ಕಳಿಸಿದ್ದ. ತೂಬಿನ ಹಲಗೆ ಎತ್ತಿ ಇಳಿಸಲು ತಮ್ಮನ ಮಗನಿಗೆ ಹೇಳಿ, ಕಟ್ಟೆಯ ಕಾವಲಿಗೆ ಜನ ಆಗಿದೆ ಅಂತ ನನ್ನ ಬಾಯಿಂದಲೇ ಕೇಳಿಕೊಂಡು, ಅವನು ಬಸ್ಸು ಹಿಡಿದಿದ್ದ.

ಅಮಾವಾಸ್ಯೆಯ ಮರುದಿನ ಮಧ್ಯಾಹ್ನದ ಭರತಕ್ಕೆ ಕಟ್ಟೆ ಒಡೆಯಿತು. ಹೊಸ ಮಣ್ಣು ಹಾಕಿದಲ್ಲೇ. ತಮ್ಮನ ಮಗ ಹಲಗೆ ಇಳಿಸಿ ಮನೆಗೆ ಹೋಗಿದ್ದ, ಅವನಿಗೆ ಹೇಳಿದ್ದು ಅಷ್ಟೇ ಕೆಲಸ. ಮೊದಲು ನೋಡಿದ್ದು ಸೊಪ್ಪಿಗೆ ಹೋದ ಒಬ್ಬ ಹೆಂಗಸು. ಅವಳು ಕೂಗಿ ಜನ ಓಡಿಹೋಗುವಷ್ಟರಲ್ಲಿ ಎರಡು ಗಾಡಿ ಜೊತೆಗೆ ಹೋಗುವಷ್ಟು ಅಗಲದ ಕಂಡಿ ಆಗಿತ್ತು. ನಾನೂ ಓಡಿದೆ. ಹೊಳೆ ಒಳಗೆ ಬರುತ್ತಿತ್ತು, ಏನೂ ಗಡಿಬಿಡಿ ಇಲ್ಲದೆ, ತನ್ನ ಮನೆಗೆ ಬರುವ ಹಾಗೆ. ಹಸಿರು ತೆನೆಗಳು ಒಂದೊಂದೇ ಸಾಲಾಗಿ ಮುಳುಗುತ್ತಿದ್ದವು. ಮುಂಚೆ ಇಬ್ಬರಿದ್ದರೆ ಹತ್ತು ಹೆಂಟೆಯಲ್ಲಿ ನಿಲ್ಲಿಸಬಹುದಿತ್ತು ಅಂತ ಯಾರೋ ಹೇಳಿದರು. ಬಾಯಿ ಮುಚ್ಚಿ ಕೂರಬಾರದೇ ಅನ್ನಿಸಿತು ನನಗೆ.

ಕಂಡಿ ಮುಚ್ಚಲು ಆರು ದಿನ ಹಿಡಿಯಿತು. ಆರು ದಿನ, ದಿನಕ್ಕೆರಡು ಸಲ ಉಪ್ಪುನೀರು. ಕಗ್ಗ ಗಟ್ಟಿ ಜಾತಿ, ಉಪ್ಪನ್ನೂ ನೀರನ್ನೂ ತಡೆಯುತ್ತದೆ, ಆದರೆ ಹಾಲು ತುಂಬುವ ಹೊತ್ತಿನಲ್ಲಿ ಇಷ್ಟಲ್ಲ. ಮುಕ್ಕಾಲು ಗದ್ದೆ ಜೊಳ್ಳಾಯಿತು. ತೆನೆ ನೆಟ್ಟಗೆ ನಿಂತಿತ್ತು, ಬಗ್ಗಲಿಕ್ಕೆ ಅದರಲ್ಲಿ ಭಾರವೇ ಇರಲಿಲ್ಲ.

ತೂಬಿನವ ನಾಲ್ಕನೆಯ ದಿನ ಬಂದ. ಮಗಳು ಉಳಿದಿದ್ದಳು, ಕೂಸು ಉಳಿದಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬಸ್ಸು ಇಳಿದವನೇ ಕಂಡಿಯಲ್ಲಿ ಇಳಿದು ಎದೆಮಟ್ಟ ನೀರಿನಲ್ಲಿ ನಿಂತು ಗೂಟ ಹೊಡೆದ.

ಆಮೇಲಿನ ರವಿವಾರ ಮೀಟಿಂಗು. ಜಗಲಿಯ ಮೇಲೆ ಅವತ್ತು ಎಲೆ ಅಡಿಕೆ ತಟ್ಟೆಗೆ ಯಾರೂ ಕೈ ಹಾಕಲಿಲ್ಲ. ಎಲ್ಲರ ಹೊಟ್ಟೆ ಉರಿದಿತ್ತು, ಆ ಉರಿಯನ್ನು ಯಾರ ಮೇಲಾದರೂ ಹಾಕಬೇಕಿತ್ತು. "ಕಾವ್ಲು ಯಾರದಿತ್ತು?" ಅಂತ ಒಬ್ಬರು ಕೇಳಿದರು. ಗೊತ್ತಿಲ್ಲದವರ ಹಾಗೆ! ಚೇರ್ಮನ್ನರು ನನ್ನ ಕಡೆ ತಿರುಗಿದರು.

"ಪುಸ್ತಕದಲ್ಲಿ ಎಂತ ಉಂಟು, ಓದಿ."

ಓದಿದೆ. ಮೊದಲ ಸಾಲು, ಎರಡು, ಮೂರು. ನಾಲ್ಕನೆಯದನ್ನೂ ಓದಿದೆ. ಕೆಲಸ, ಹೆಸರು, ತಾರೀಕು. ಮೊದಲೇ ಗಟ್ಟಿಯಾಗಿ ಓದಬೇಕಾಗಿದ್ದ ಸಾಲನ್ನು ಎಲ್ಲ ಮುಗಿದ ಮೇಲೆ ಗಟ್ಟಿಯಾಗಿ ಓದಿದೆ.

ತೂಬಿನವ ಅಂಗಳದಲ್ಲಿ ನಿಂತಿದ್ದ. ಓದು ಬಾರದ ಮನುಷ್ಯ, ಪುಸ್ತಕವನ್ನೇ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸುಮ್ಮನೆ ಕಾಯುವವನ ಹಾಗೆ ನೋಡಿದ. ಈಗ ಹೇಳಬೇಕು ಅಂತ ನನ್ನ ನಾಲಿಗೆಯ ತುದಿಗೆ ಬಂತು. 'ಇವನು ಒಪ್ಪಿದ್ದಲ್ಲ, ನಾನೇ ಬರೆದದ್ದು. ಹೋಗುವ ದಿನ ನನ್ನನ್ನು ಕೇಳಿಯೇ ಹೋದ.' ಎರಡು ಮಾತು. ನೌಕರಿ ಕಾಯಂ ಆಗಲು ಇನ್ನು ಮೂರು ತಿಂಗಳಿತ್ತು. ಎದುರಿಗೆ ಬೆಳೆ ಹೋದ ಮೂವತ್ತು ಜನ ಕೂತಿದ್ದರು. ನನ್ನ ಬಾಯಿಗೆ ಬೀಗ ಬಿತ್ತು.

"ಎಂತ ಹೇಳ್ತೆ?" ಅಂತ ಚೇರ್ಮನ್ನರು ಅವನನ್ನು ಕೇಳಿದರು.

ಅವನು ನನ್ನ ಮೇಲಿಂದ ಕಣ್ಣು ತೆಗೆದು, "ಎಂತ ಹೇಳುದು, ಒಡೆಯಾ" ಅಂದ.

ತೂಬು ಅವನ ಮನೆಯಿಂದ ಹೋಯಿತು. ಬಲೆ ಒಡ್ಡುವ ಹಕ್ಕೂ ಹೋಯಿತು. ಆ ಠರಾವನ್ನೂ ನಾನೇ ಬರೆದೆ. ಜನ ಹೋದ ಮೇಲೆ ಅಕ್ಕೋರು ಹೊರಗೆ ಬಂದು ಜಗಲಿ ಗುಡಿಸತೊಡಗಿದರು. ನಾನು ಪುಸ್ತಕ ಕಟ್ಟುತ್ತಿದ್ದೆ. ಪೊರಕೆ ನಿಲ್ಲಿಸದೆ ಹೇಳಿದರು:

"ಅವತ್ತು ನೀವು ಓದಿ ಹೇಳಿದ್ದು ನಂಗೆ ಕೇಳ್ಲಿಲ್ಲಪ್ಪ. ಒಳಗೇ ಕೂತಿದ್ದೆ."

"ಹೊತ್ತಾಗಿತ್ತು ಅಕ್ಕೋರೇ."

"ಹೌದು. ಹೊತ್ತಾಗಿತ್ತು" ಅಂದರು. ಅವರು ನನ್ನ ಹತ್ತಿರ ಮತ್ತೆ ಆ ಮಾತು ಎತ್ತಲಿಲ್ಲ, ಬೇರೆ ಮಾತನ್ನೂ ಹೆಚ್ಚು ಆಡಲಿಲ್ಲ.

ಒಂದು ತಿಂಗಳು ಕಳೆದು ಒಬ್ಬನೇ ಚೇರ್ಮನ್ನರ ಮನೆಗೆ ಹೋಗಿ ಹೇಳಿದೆ. ಅವರು ಅಡಿಕೆ ಕೆರೆಯುತ್ತಾ ಕೇಳಿಸಿಕೊಂಡರು. ಬೇಜಾರಾಯಿತು ಅವರಿಗೂ, ಸುಳ್ಳಲ್ಲ. "ಆನೇ ಹೇಳಿ ಕಳಸವು ಮಾಡಿದ್ದಿ, ಮರ್ತೋತು" ಅಂದರು. ತಾವೇ ಹೇಳಿ ಕಳಿಸಬೇಕು ಅಂತಿದ್ದರಂತೆ, ಮರೆತರಂತೆ. ಆಮೇಲೆ, "ಈಗ ಎಂತ ಮಾಡ್ಲಾಗ್ತು ಹೇಳು. ಅವ ಊರು ಬಿಟ್ಟಾತು" ಅಂದರು. ನನ್ನ ಮುಂದೆ ಕಾಫಿ ಇಟ್ಟರು. ಕುಡಿದೆ.

ನೌಕರಿ ಕಾಯಂ ಆಯಿತು. ತಪಾಸಣೆಗೆ ಬಂದ ಅಧಿಕಾರಿ ನನ್ನ ಮೂರು ಪಟ್ಟಿಯ ಪುಟಗಳನ್ನು ಮೆಚ್ಚಿ ಬೇರೆ ಸೆಕ್ರೆಟರಿಗಳಿಗೆ ತೋರಿಸಿದರು. ಭಟ್ಕಳದಲ್ಲಿ ಒಂದು ಟ್ರೇನಿಂಗಿಗೆ ಕರೆಸಿ ನನ್ನಿಂದಲೇ ಪಾಠ ಹೇಳಿಸಿದರು. ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದೆ. ಕೆಲಸ, ಯಾರು, ಯಾವ ದಿನ. ಮಾಡಬೇಕು ಅಂದದ್ದಕ್ಕೂ ಮಾಡುತ್ತೇನೆ ಅಂದದ್ದಕ್ಕೂ ಇರುವ ಅಂತರ ಹೇಳಿದೆ. ಎದ್ದುಹೋದವನ ಹೆಸರು ಬರೆಯಬಾರದು, ಬರೆದರೆ ಅವನನ್ನು ಕೇಳುವವರೆಗೆ ಅದು ಬರೀ ಸೂಚನೆ ಅಂತ ಪಕ್ಕದಲ್ಲಿ ಗುರುತು ಹಾಕಬೇಕು ಅಂತಲೂ ಹೇಳಿದೆ. ಯಾಕೆ ಅಂತ ಒಬ್ಬ ಕೇಳಿದ. ಗೊಂದಲ ಆಗ್ತದೆ ಅಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಟ್ರೇನಿಂಗು ಮುಗಿಸಿ ಕುಮಟೆಗೆ ಮರಳುವಾಗ ಹೊನ್ನಾವರದ ಎದುರು ದಡದಲ್ಲಿ ಶರಾವತಿ ದಾಟುವ ತಾರಿಗೆ ಕಾಯುತ್ತಾ ನಿಂತಿದ್ದೆ. ಮಧ್ಯಾಹ್ನ ಮೂರು ಗಂಟೆ. ದೋಣಿ ತಂಗುವ ದಕ್ಕೆಯ ಮೇಲೆ ಹೆಂಚು ಹೊರುವವರ ಸಾಲು. ಅದರಲ್ಲಿ ಅವನು. ಸೊರಗಿದ್ದ, ತಲೆಯ ಸಿಂಬಿಯ ಕೆಳಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ತಿರುಗಿ ನಿಂತುಬಿಡಬಹುದಿತ್ತು. ನಿಲ್ಲಲಿಲ್ಲ, ಅಷ್ಟು ಮಾತ್ರ ನನ್ನ ಪಾಲಿನ ಪುಣ್ಯ. ಹತ್ತಿರ ಹೋದೆ.

"ಅರಾಮಿದ್ರಾ ಒಡೆಯಾ?" ಅಂತ ಅವನೇ ಕೇಳಿದ.

ನಾನು ಎಲ್ಲವನ್ನೂ ಹೇಳಿದೆ. ನಾಲ್ಕನೆಯ ಸಾಲು ನಾನೇ ಬರೆದದ್ದು, ಅವನು ಒಪ್ಪಿರಲಿಲ್ಲ, ನನ್ನನ್ನು ಕೇಳಿಯೇ ಹೋಗಿದ್ದ, ಗೊತ್ತಿದ್ದೂ ಸುಮ್ಮನಿದ್ದೆ. ಅವನು ಹೊಳೆ ನೋಡುತ್ತಾ ಕೇಳಿದ.

"ಗೊತ್ತುಂಟು" ಅಂದ.

"ಮತ್ತೆ ಅವತ್ತು ನೀವ್ಯಾಕೆ ಹೇಳ್ಲಿಲ್ಲ?" ಬದುಕಿನಲ್ಲಿ ಮೊದಲ ಸಲ ಅವನಿಗೆ ಬಹುವಚನ ಹಾಕಿದ್ದೆ.

"ನಾ ಹೇಳಿದ್ರೆ ಯಾರು ಕೇಳ್ತಿದ್ರು. ಪುಸ್ತಕ ನಿಮ್ದು. ನೀವು ಹೇಳ್ತ್ರಿ ಅಂತ ಕಾದೆ."

ತಾರಿ ಆಚೆ ದಡ ಬಿಟ್ಟಿತ್ತು. ಅವನು ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡ.

"ನಂಗೆ ಹೇಳಿ ಎಂತ ಬಂತು ಒಡೆಯಾ. ನಂಗೆ ಗೊತ್ತಿದ್ದದ್ದೇ. ಊರಲ್ಲಿ ಹೇಳಿದ್ರಾ? ಜಗಲಿ ಮೇಲೆ, ಎಲ್ಲರೂ ಇದ್ದಾಗ?"

"ಇಲ್ಲ."

"ಹೇಳ್ತ್ರಾ? ತಮ್ಮನ ಮಗ ಈಗ್ಲೂ ಅಲ್ಲೇ ಇದ್ದ. ತೂಬಿನವರ ಮನೆಯವ್ರು ಊರು ಮುಳುಗಿಸಿದ್ರು ಅಂತ ಅವನಿಗೆ ಹೆಣ್ಣು ಕೊಡ್ತಾ ಇಲ್ಲ."

"ಹೇಳ್ತೇನೆ" ಅಂದೆ.

ಅವನು ಅವತ್ತು ಮೊದಲ ಸಲ ನನ್ನ ಮುಖ ನೇರ ನೋಡಿದ. "ಯಾವಾಗ?"

ನೂರು ಸಲ ನಾನು ಊರವರಿಗೆ ಹಾಕಿದ ಪ್ರಶ್ನೆ. ಬುಧವಾರವೋ, ಗುರುವಾರವೋ? ನನ್ನ ಕಂಕುಳಲ್ಲಿ ಚೀಲ, ಚೀಲದಲ್ಲಿ ಟ್ರೇನಿಂಗಿನ ಕಾಗದ, ಪೆನ್ನು, ಆ ವರ್ಷದ ಪಂಚಾಂಗ, ಎಲ್ಲ ಇತ್ತು. ಮುಂದಿನ ಮೀಟಿಂಗು ಹನ್ನೊಂದು ದಿನಕ್ಕೆ ಅಂತ ನನಗೆ ಬಾಯಿಪಾಠ ಗೊತ್ತಿತ್ತು.

"ನೋಡ್ವ" ಅಂದೆ.

ಅವನು ತಲೆ ಅಲ್ಲಾಡಿಸಿದ. ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಹೆಂಚಿನ ಸಾಲಿಗೆ ಹೋದ. ತಾರಿ ಬಂತು, ನಾನು ಹತ್ತಿದೆ.